ಶ್ಯಾಡೋ ವರ್ಕ್ ಎಲ್ಲಿ ಕೆಟ್ಟಿದೆ? ಲಕ್ಷಣ ನೋಡಿ ಕಾರಣ ಹಿಡಿಯುವ ಬಗೆ

ತೆಳು ಬಟ್ಟೆಯ ಹಿಂಬದಿಯಲ್ಲಿ ದಾರ ಹೆಣೆದು, ಅದು ಮುಂದೆ ಬಣ್ಣದ ನೆರಳಾಗಿ ಕಾಣುವಂತೆ ಮಾಡುವ ಕಸೂತಿಯೇ ಶ್ಯಾಡೋ ವರ್ಕ್. ಇದರಲ್ಲಿ ತಪ್ಪು ಕಾಣುವುದು ಮುಂಬದಿಯಲ್ಲಿ, ತಪ್ಪು ಆಗಿರುವುದು ಹಿಂಬದಿಯಲ್ಲಿ. ಹಾಗಾಗಿ ಮುಂದಿನಿಂದಲೇ ನೋಡುತ್ತಾ ಸರಿಪಡಿಸಲು ಹೊರಟವರು ಬಹಳ ಸಲ ಬೇಡದ ಕಡೆ ಬಿಚ್ಚುತ್ತಾರೆ. ನಾನೂ ಬಿಚ್ಚಿದ್ದೇನೆ. ಆರ್ಗಂಡಿಯಂಥ ಬಟ್ಟೆಯಲ್ಲಿ ಬಿಚ್ಚುವುದೆಂದರೆ ಬಟ್ಟೆಯ ಆಯಸ್ಸನ್ನೇ ಸ್ವಲ್ಪ ತೆಗೆದಂತೆ, ಆದ್ದರಿಂದ ಕತ್ತರಿ ಕೈಗೆ ತೆಗೆದುಕೊಳ್ಳುವ ಮೊದಲು ಏನಾಗಿದೆ ಎಂದು ಖಚಿತಪಡಿಸಿಕೊಳ್ಳುವುದು ಒಳ್ಳೆಯದು. ಕಣ್ಣಿಗೆ ಬೀಳುವ ಲಕ್ಷಣದಿಂದ ಶುರುಮಾಡಿ ಖರ್ಚಿಲ್ಲದ ಪರೀಕ್ಷೆಗಳನ್ನು ಮೊದಲು, ಬಿಚ್ಚುವ ಕೆಲಸವನ್ನು ಕೊನೆಗೆ ಇಟ್ಟು ಬರೆದಿದ್ದೇನೆ.

## ಸರಿಯಾಗಿದ್ದರೆ ಹೇಗಿರಬೇಕು

ಹೊಲಿಗೆ ಯಾವುದೆಂದು ಒಮ್ಮೆ ನೆನಪಿಸಿಕೊಳ್ಳೋಣ. ಬಟ್ಟೆಯ ಹಿಂಬದಿ ನಿಮ್ಮ ಕಡೆಗಿದೆ. ಅದರ ಮೇಲೆ ನಕ್ಷೆಯ ಒಂದು ಎಲೆಯ ಎರಡು ಅಂಚುಗೆರೆಗಳಿವೆ. ಎಡದಿಂದ ಬಲಕ್ಕೆ ಸಾಗುತ್ತೀರಿ. ಕೆಳಗಿನ ಗೆರೆಯಿಂದ ಓರೆಯಾಗಿ ಮೇಲಿನ ಗೆರೆಗೆ ಹೋಗಿ, ಸೂಜಿಯನ್ನು ಎಡಕ್ಕೆ ತಿರುಗಿಸಿ, ಗೆರೆಯ ಮೇಲೆ ಸುಮಾರು 2 ಮಿ.ಮೀ.ನಷ್ಟು ಬಟ್ಟೆ ಎತ್ತುತ್ತೀರಿ. ಮತ್ತೆ ಓರೆಯಾಗಿ ಕೆಳಗಿನ ಗೆರೆಗೆ ಬಂದು ಅಲ್ಲೂ ಅಷ್ಟೇ ಎತ್ತುತ್ತೀರಿ. ಪ್ರತಿ ಸಲ ಸೂಜಿ ಹೊರಬರಬೇಕಾದದ್ದು ಅದೇ ಗೆರೆಯ ಹಿಂದಿನ ಹೊಲಿಗೆ ಮುಗಿದ ರಂಧ್ರದಲ್ಲಿ. ‘ಒತ್ತಾದ ಹೆರಿಂಗ್‌ಬೋನ್’ ಎನ್ನುವುದು ಇದಕ್ಕೇ. ನಡುವೆ ಜಾಗ ಬಿಟ್ಟರೆ ಅದು ಸಾದಾ ಹೆರಿಂಗ್‌ಬೋನ್.

ಮುಂಬದಿಯಲ್ಲಿ ಕಾಣುವುದು ಎರಡು ಬ್ಯಾಕ್ ಸ್ಟಿಚ್ ಸಾಲುಗಳು ಮಾತ್ರ. ಹಿಂದೆ ಅಡ್ಡಾಡಿದ ದಾರಗಳು ಒಂದರ ಮೇಲೊಂದು ಕೂತು, ಬಟ್ಟೆಯ ಮೂಲಕ ಬಣ್ಣದ ನೆರಳಾಗಿ ಕಾಣುತ್ತವೆ. ಲಖನೌದ ಚಿಕನ್ ಕೆಲಸದಲ್ಲಿ ಬಿಳಿಯ ಮೇಲೆ ಬಿಳಿ ದಾರದಿಂದ ಹಾಕುವ ಉಲ್ಟಾ ಬಖಿಯಾ ಕೂಡ ಇದೇ ಉಪಾಯ. ಅಲ್ಲಿ ಬಣ್ಣದ ಬದಲು ಬಟ್ಟೆ ಒಂದಿಷ್ಟು ದಟ್ಟವಾದಂತೆ ಕಾಣುತ್ತದೆ. ಮುಂಬದಿಯಿಂದಲೇ ಎರಡು ಗೆರೆಗೂ ಸರದಿಯಲ್ಲಿ ಬ್ಯಾಕ್ ಸ್ಟಿಚ್ ಹಾಕುತ್ತಾ ಹೋದರೂ ಹಿಂದೆ ಇದೇ ಹೆಣಿಗೆ ಬೀಳುತ್ತದೆ. ದಾರಿ ಎರಡು, ಫಲ ಒಂದೇ.

## ಮೊದಲ ಪರೀಕ್ಷೆ: ಎರಡು ಬೆಳಕಿನಲ್ಲಿ ನೋಡಿ

ಲಕ್ಷಣ ಯಾವುದೇ ಇರಲಿ, ಇದನ್ನು ಮೊದಲು ಮಾಡಿ. ಎರಡು ನಿಮಿಷದ ಕೆಲಸ.

ಬಟ್ಟೆಯನ್ನು ರಿಂಗ್‌ನಿಂದ ತೆಗೆದು, ಮುಂಬದಿ ಮೇಲಾಗಿ, ಬಿಳಿ ಕಾಗದದ ಮೇಲೆ ಹಾಸಿ ನೋಡಿ. ಉಟ್ಟಾಗ, ಹಾಸಿದಾಗ ಜನ ನೋಡುವುದು ಹೆಚ್ಚುಕಡಿಮೆ ಹೀಗೆಯೇ. ಬಳಿಕ ಅದನ್ನೇ ಕಿಟಕಿಗೆ ಹಿಡಿದು, ಬೆಳಕು ಹಿಂದಿನಿಂದ ಬರುವಂತೆ ನೋಡಿ. ಈಗ ಬಣ್ಣ ಸತ್ತು ದಾರಗಳೆಲ್ಲ ಕಪ್ಪು ಗೆರೆಗಳಾಗುತ್ತವೆ. ನಡುವಿನ ಕಿಂಡಿಗಳು ಬೆಳ್ಳಗೆ ಮಿಂಚುತ್ತವೆ.

ಕಾಗದದ ಮೇಲೆ ಚೆನ್ನಾಗಿ ಕಂಡು ಕಿಟಕಿಯಲ್ಲಿ ಮಾತ್ರ ಏರುಪೇರಾಗಿ ಕಂಡರೆ ಕೆಲಸ ಸರಿಯಾಗಿಯೇ ಇದೆ, ಬಿಟ್ಟುಬಿಡಿ. ಕಿಟಕಿ ಪರದೆಗೆ ಹಾಕಿದ ಕೆಲಸವಾದರೆ ಮಾತ್ರ ಅದು ತಪ್ಪು. ಕಾಗದದ ಮೇಲೇ ಕೆಟ್ಟದಾಗಿ ಕಂಡರೆ, ಕಿಟಕಿ ಬೆಳಕು ಕಾರಣ ತೋರಿಸುತ್ತದೆ: ದಾರಗಳು ಒಂದೇ ಸಮನೆ ಇವೆಯೋ, ಎಲ್ಲಿ ಕಿಂಡಿ ಇದೆ, ದಾರದ ಯಾವ ಬಾಲ ಎಲ್ಲಿ ಹಾದುಹೋಗಿದೆ ಎಲ್ಲವೂ ಕಾಣುತ್ತದೆ. ಆ ಕಿಂಡಿಗಳ ಜಾಗವನ್ನು ನೆನಪಿಟ್ಟುಕೊಂಡು ಮುಂದುವರಿಯಿರಿ.

## ಲಕ್ಷಣ: ಬಣ್ಣ ಮಂಕಾಗಿದೆ, ನೆರಳೇ ಬಿದ್ದಿಲ್ಲ

ಹೊಲಿಗೆಯನ್ನು ಅನುಮಾನಿಸುವ ಮೊದಲು ಬಟ್ಟೆಯ ಕೆಳಗಿರುವುದನ್ನು ಬದಲಿಸಿ ನೋಡಿ. ಕಡುಬಣ್ಣದ ಮೇಜಿನ ಮೇಲೆ ಇಟ್ಟ ಶ್ಯಾಡೋ ವರ್ಕ್ ಎಷ್ಟು ಚೆನ್ನಾಗಿ ಹೊಲಿದಿದ್ದರೂ ಮಂಕೇ. ದಾರದ ಬಣ್ಣ ಮೇಲಕ್ಕೆ ಬರಬೇಕಾದರೆ ಹಿಂದೆ ಬೆಳಕನ್ನು ಹಿಂತಿರುಗಿಸುವ ತಿಳಿ ಹಿನ್ನೆಲೆ ಇರಬೇಕು. ಅಂಗಿಗೆ ಒಳಪದರ ಕೊಡುವುದಾದರೆ ಬಿಳಿಯೋ ತಿಳಿ ಬಣ್ಣವೋ ಇರಲಿ. ದಾರದ್ದೇ ಬಣ್ಣದ ಒಳಪದರ ಕೊಟ್ಟರೆ ಎಲೆ ಯಾವುದು, ಬಟ್ಟೆ ಯಾವುದು ಎಂದೇ ತಿಳಿಯುವುದಿಲ್ಲ.

ಬಿಳಿ ಕಾಗದದ ಮೇಲೂ ಮಂಕಾಗಿದ್ದರೆ, ಅದೇ ದಾರವನ್ನು ಒಂದು ಬಿಳಿ ರಟ್ಟಿಗೆ ಪಕ್ಕಪಕ್ಕದಲ್ಲಿ ಹತ್ತು ಸುತ್ತು ಸುತ್ತಿ, ಅದರ ಮೇಲೆ ಅದೇ ಬಟ್ಟೆಯ ತುಂಡನ್ನು ಮುಚ್ಚಿ. ಅಲ್ಲೂ ಮಂಕಾದರೆ ತಪ್ಪು ನಿಮ್ಮ ಕೈಯದಲ್ಲ. ಆ ಬಟ್ಟೆಗೆ ಆ ಬಣ್ಣ ಸಾಲದು, ಅಥವಾ ಬಟ್ಟೆಯೇ ದಪ್ಪವಾಯಿತು. ತೆಳು ಹತ್ತಿಯ ಆರ್ಗಂಡಿ, ವಾಯಿಲ್, ಸಿಲ್ಕ್ ಆರ್ಗಂಜಾ ಇವು ಬಣ್ಣ ಬಿಟ್ಟುಕೊಡುತ್ತವೆ. ಮಲ್ ಬಟ್ಟೆಯಲ್ಲಿ ತೆಳುವಾದದ್ದು ನಡೆಯುತ್ತದೆ, ದಟ್ಟವಾದದ್ದು ನಡೆಯುವುದಿಲ್ಲ. ಬಿಳಿ ಬಟ್ಟೆ ದಾರದ ಬಣ್ಣಕ್ಕೆ ಹಾಲು ಬೆರೆಸಿದಂತೆ ಮಾಡುತ್ತದೆ, ಹಾಗಾಗಿ ಮುಂದೆ ಯಾವ ಬಣ್ಣ ಬೇಕೋ ಅದಕ್ಕಿಂತ ಎರಡು ಛಾಯೆ ಗಾಢವಾದ ದಾರ ತೆಗೆದುಕೊಳ್ಳುವುದು ನನ್ನ ಪದ್ಧತಿ. ಲಚ್ಚಿಯಲ್ಲಿ ಕಣ್ಣು ಕುಕ್ಕುವ ಗುಲಾಬಿ, ಬಟ್ಟೆಯ ಹಿಂದೆ ಹೋದಾಗ ಸೌಮ್ಯವಾದ ಗುಲಾಬಿ. ಲಚ್ಚಿಯಲ್ಲೇ ಸೌಮ್ಯವಾಗಿದ್ದ ಗುಲಾಬಿ ಹಿಂದೆ ಹೋಗಿ ಕಾಣೆಯಾಗುತ್ತದೆ.

ರಟ್ಟಿನ ಮೇಲೆ ಚೆನ್ನಾಗಿ ಕಂಡು ಹೊಲಿಗೆಯಲ್ಲಿ ಮಾತ್ರ ಮಂಕಾದರೆ ದಾರಗಳು ಬಿಡಿಬಿಡಿಯಾಗಿವೆ ಎಂದರ್ಥ. ಮುಂದಿನ ಭಾಗಕ್ಕೆ ಹೋಗಿ.

## ಲಕ್ಷಣ: ನೆರಳಿನಲ್ಲಿ ಪಟ್ಟೆಗಳು, ಬೆಳ್ಳನೆಯ ಕಿಂಡಿಗಳು

ಕಿಂಡಿಗಳು ಎಲ್ಲಿವೆ ಎಂಬುದರಲ್ಲೇ ಉತ್ತರ ಇರುತ್ತದೆ.

ಎಲೆಯ ಉದ್ದಕ್ಕೂ ಒಂದೇ ಅಂತರದಲ್ಲಿ ಕಿಂಡಿಗಳಿದ್ದರೆ ಹೊಲಿಗೆ ಉದ್ದವಾಗಿದೆ. 3 ಮಿ.ಮೀ. ಹೊಲಿಗೆಯನ್ನು ಒಂದೇ ಎಳೆಯಲ್ಲಿ ಹಾಕಿದರೆ ಓರೆ ದಾರಗಳ ನಡುವೆ ಜಾಗ ಉಳಿಯುವುದು ಸಹಜ. ಆಗ ಅನೇಕರು ಎರಡೆಳೆ ದಾರ ಹಾಕಿ ಕಿಂಡಿ ಮುಚ್ಚಲು ನೋಡುತ್ತಾರೆ. ನೆರಳು ತುಂಬುತ್ತದೆ ನಿಜ, ಆದರೆ ಮುಂಬದಿಯ ಅಂಚುಗೆರೆ ದಪ್ಪವಾಗಿ ಹಗ್ಗ ಇಟ್ಟಂತೆ ಕಾಣುತ್ತದೆ. ನಾನಾದರೆ ಒಂದೇ ಎಳೆ ಇಟ್ಟುಕೊಂಡು ಹೊಲಿಗೆಯನ್ನು 2 ಮಿ.ಮೀ.ಗೆ ಇಳಿಸುತ್ತೇನೆ.

ಬಾಗಿದ ಜಾಗದಲ್ಲಿ ಮಾತ್ರ ಕಿಂಡಿಗಳು ಬೀಸಣಿಗೆಯಂತೆ ಬಿಚ್ಚಿಕೊಂಡಿದ್ದರೆ, ಹೊರ ಅಂಚಿನಲ್ಲೂ ಒಳ ಅಂಚಿನಲ್ಲೂ ಒಂದೇ ಅಳತೆಯ ಹೊಲಿಗೆ ಹಾಕಿದ್ದೀರಿ. ಹೊರ ದಾರಿ ಉದ್ದ, ಒಳ ದಾರಿ ಗಿಡ್ಡ. ಒಳಗಿನ ಹೊಲಿಗೆ ಮುಂದೋಡಿ, ಓರೆ ದಾರಗಳು ವಾಲುತ್ತಾ ಹೋಗಿ, ಕೊನೆಗೆ ಎರಡು ಬದಿಯೂ ಒಟ್ಟಿಗೆ ತುದಿ ತಲುಪುವುದಿಲ್ಲ. ಹೊರಗೆ 2.5 ಮಿ.ಮೀ., ಒಳಗೆ 1.5 ಮಿ.ಮೀ. ಎಂದು ಮಾಡಿಕೊಂಡರೆ ಎರಡೂ ಕಡೆ ಹೊಲಿಗೆಯ ಎಣಿಕೆ ಸಮನಾಗುತ್ತದೆ. ಹೊಲಿಯುವ ಮೊದಲೇ ಬಾಗಿನಲ್ಲಿ ಎರಡು ಅಂಚಿಗೂ ಚುಕ್ಕೆ ಇಟ್ಟುಕೊಂಡರೆ ಈ ತಲೆನೋವೇ ಇಲ್ಲ. ಒಳಗಿನ ಹೊಲಿಗೆ 1 ಮಿ.ಮೀ.ಗಿಂತ ಚಿಕ್ಕದಾಗಬೇಕಾದಷ್ಟು ತೀವ್ರ ಬಾಗಾದರೆ ಅಲ್ಲಿ ಆಕಾರವನ್ನೇ ಎರಡು ಭಾಗ ಮಾಡಿ.

ತುದಿಯಲ್ಲಿ ಮಾತ್ರ ಖಾಲಿ ಇದ್ದರೆ ಶುರು ಮಾಡಿದ ರೀತಿ ತಪ್ಪಿದೆ. ಚೂಪು ತುದಿಯಲ್ಲಿ ಎರಡು ಗೆರೆಗೂ ಜಾಗವಿಲ್ಲ. ತುದಿಯ ಬಿಂದುವಿನಿಂದ ಒಂದೇ ಒಂದು ಹೊಲಿಗೆ ಹಾಕಿ, ಅಲ್ಲಿಂದಲೇ ಎರಡು ಗೆರೆಗೂ ಕವಲೊಡೆಯಬೇಕು. ಎರಡೂ ಸಾಲಿನ ಮೊದಲ ಹೊಲಿಗೆ ಆ ಒಂದೇ ರಂಧ್ರವನ್ನು ಹಂಚಿಕೊಳ್ಳಬೇಕು. ತುದಿಯ ಖಾಲಿಯೊಂದನ್ನು ಮಾತ್ರ ಬಿಚ್ಚದೆ ಸರಿಮಾಡಬಹುದು: ಹಿಂಬದಿಯಲ್ಲಿ ಇರುವ ದಾರಗಳ ಕೆಳಗೆ ಅದೇ ಬಣ್ಣದ ಒಂದೆಳೆಯನ್ನು ಬಟ್ಟೆಗೆ ಚುಚ್ಚದೆ ನುಸುಳಿಸಿದರೆ ಸಾಕು.

## ಲಕ್ಷಣ: ಮುಂಬದಿಯ ಅಂಚುಗೆರೆ ತುಂಡುತುಂಡು

ಹಿಂಬದಿಯಿಂದ ಹೊಲಿಯುವವರ ಮಾಮೂಲಿ ದೂರು ಇದು. ನೆರಳು ಚೆನ್ನಾಗಿದೆ, ಗೆರೆ ಮಾತ್ರ ಚುಕ್ಕೆ ಚುಕ್ಕೆ. ಭೂತಗನ್ನಡಿ ಹಿಡಿದು ಎರಡು ಹೊಲಿಗೆ ಸೇರುವ ಜಾಗ ನೋಡಿ.

ಎರಡು ಹೊಲಿಗೆಯ ನಡುವೆ ಒಂದೆರಡು ನೂಲಿನಷ್ಟು ಬರಿ ಬಟ್ಟೆ ಕಂಡರೆ ಸೂಜಿ ಹಳೆಯ ರಂಧ್ರಕ್ಕೆ ಬಂದಿಲ್ಲ, ಮೊದಲೇ ಹೊರಬಿದ್ದಿದೆ. ಒಂದರ ಮೇಲೊಂದು ಏರಿ ಗಂಟಿನಂತೆ ಕಂಡರೆ ರಂಧ್ರ ದಾಟಿ ಹಿಂದಕ್ಕೆ ಹೋಗಿದೆ. ಸೇರುವ ಜಾಗದಲ್ಲಿ ದಾರ ಸೀಳಿ ಜುಂಗು ಎದ್ದಿದ್ದರೆ, ರಂಧ್ರವೇನೋ ಸರಿಯೇ, ಆದರೆ ಚೂಪು ಸೂಜಿ ಹಿಂದಿನ ದಾರವನ್ನೇ ಚುಚ್ಚಿಕೊಂಡು ಬಂದಿದೆ.

ಮೂರನೆಯದಕ್ಕೆ ಮದ್ದು ಸುಲಭ: ಮೊಂಡು ಮೂತಿಯ 28ನೇ ನಂಬರಿನ ಟ್ಯಾಪೆಸ್ಟ್ರಿ ಸೂಜಿ ಹಿಡಿಯಿರಿ. ಆರ್ಗಂಡಿಯ ಹಾಸುಹೊಕ್ಕಿನ ನಡುವೆ ಅದು ತಾನೇ ದಾರಿ ಮಾಡಿಕೊಳ್ಳುತ್ತದೆ, ದಾರ ಸೀಳುವುದಿಲ್ಲ. ನೇಯ್ಗೆ ಒತ್ತಾಗಿದ್ದು ಮೊಂಡು ಸೂಜಿ ಇಳಿಯದಿದ್ದರೆ 10ನೇ ನಂಬರಿನ ಎಂಬ್ರಾಯ್ಡರಿ ಸೂಜಿಗೆ ಹಿಂತಿರುಗಿ.

ಮೊದಲ ಎರಡಕ್ಕೆ ಕಾರಣ ಕಣ್ಣಿಗೆ ರಂಧ್ರ ಕಾಣದಿರುವುದು. ಬಿಳಿ ಬಟ್ಟೆಯಾದರೆ ಮಡಿಲಲ್ಲಿ ಕಡುಬಣ್ಣದ ಬಟ್ಟೆ ಹಾಸಿಕೊಳ್ಳಿ, ರಂಧ್ರಗಳು ಕಪ್ಪಾಗಿ ಕಾಣುತ್ತವೆ. ಅಷ್ಟಾದರೂ ಗೆರೆ ಸರಿಬರದವರಿಗೆ ನನ್ನ ಸಲಹೆ, ಹಟ ಬಿಟ್ಟು ಮುಂಬದಿಯಿಂದ ಜೋಡಿ ಬ್ಯಾಕ್ ಸ್ಟಿಚ್ ಹಾಕಿ. ಗೆರೆ ಕಣ್ಣೆದುರೇ ಇರುತ್ತದೆ. ಹೆಸರಿನ ಅಕ್ಷರಗಳನ್ನು ಹೊಲಿಯುವಾಗ ನಾನು ಯಾವಾಗಲೂ ಹೀಗೇ ಮಾಡುವುದು. ಹಿಂಬದಿಯಿಂದ ಹೊಲಿಯುವವರು ನಕ್ಷೆಯನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಬರೆದುಕೊಳ್ಳಬೇಕು, ಅದನ್ನು ಮರೆತರೆ ಅಕ್ಷರಗಳೆಲ್ಲ ತಿರುಗುಮುರುಗು. ಹೂವಾದರೆ ಯಾರಿಗೂ ಗೊತ್ತಾಗುವುದಿಲ್ಲ, ಹೆಸರಾದರೆ ಮುಚ್ಚಿಡಲು ಆಗುವುದಿಲ್ಲ.

## ಲಕ್ಷಣ: ಬಟ್ಟೆ ಸುಕ್ಕು ಹಿಡಿದಿದೆ

ಇಲ್ಲಿ ಸ್ವಲ್ಪ ನಿಧಾನಿಸೋಣ, ಏಕೆಂದರೆ ಎಲ್ಲ ಸುಕ್ಕೂ ಒಂದೇ ಅಲ್ಲ, ಮತ್ತು ‘ದಾರ ಬಿಗಿಯಾಯಿತು’ ಎಂಬ ಒಂದೇ ಉತ್ತರ ಅರ್ಧ ಸಲ ತಪ್ಪು.

ಮೊದಲು ಬಟ್ಟೆಯನ್ನು ರಿಂಗ್‌ನಿಂದ ತೆಗೆದು ಒಂದು ರಾತ್ರಿ ಹಾಗೇ ಬಿಡಿ. ಬೆಳಗ್ಗೆ ಸುಕ್ಕು ಹೋಗಿದ್ದರೆ ಅದು ರಿಂಗ್‌ನ ಗುರುತು ಮಾತ್ರ. ಒಳಬಳೆಗೆ ಹತ್ತಿ ಪಟ್ಟಿ ಸುತ್ತಿ, ಕೆಲಸ ನಿಲ್ಲಿಸಿದಾಗಲೆಲ್ಲ ಬಟ್ಟೆ ಬಿಡಿಸಿಡಿ.

ಉಳಿದ ಸುಕ್ಕು ಯಾವ ದಿಕ್ಕಿಗೆ ಇದೆ ನೋಡಿ. ಎರಡು ಅಂಚುಗೆರೆಗಳ ನಡುವೆ, ಗೆರೆಗಳ ಉದ್ದಕ್ಕೇ ಬಟ್ಟೆ ಉಬ್ಬಿ ಸಣ್ಣ ಕೊಳವೆಯಂತಾಗಿದ್ದರೆ, ಹಿಂದಿನ ಓರೆ ದಾರಗಳು ಎರಡು ಅಂಚನ್ನು ಒಂದರ ಕಡೆಗೊಂದು ಎಳೆದಿವೆ. ಸುಕ್ಕು ಅಂಚುಗೆರೆಯಿಂದ ಹೊರಗೆ, ಗೆರೆಗೆ ಅಡ್ಡಲಾಗಿ ಬಿಸಿಲ ಕಿರಣಗಳಂತೆ ಹರಡಿದ್ದರೆ, ಗೆರೆಯ ಮೇಲಿನ ಚಿಕ್ಕ ಹೊಲಿಗೆಗಳೇ ಬಿಗಿಯಾಗಿ ಗೆರೆ ಗಿಡ್ಡವಾಗಿದೆ. ಎರಡೂ ಅಲ್ಲದೆ ಎಲೆ ಇಡಿಯಾಗಿ ಒಂದು ಕಡೆಗೆ ತಿರುಚಿಕೊಂಡಿದ್ದರೆ, ಬಟ್ಟೆಯನ್ನು ರಿಂಗ್‌ಗೆ ಹಾಕುವಾಗ ಓರೆಗೆ ಎಳೆದಿದ್ದೀರಿ. ಹೊಲಿಗೆ ಸರಿಯಿದೆ, ಬಟ್ಟೆ ತನ್ನ ಜಾಗಕ್ಕೆ ಮರಳಿದೆ. ಒಗೆದ ಮೇಲೆ ಮಾತ್ರ ಸುಕ್ಕು ಹುಟ್ಟಿದ್ದರೆ ಬಟ್ಟೆಯನ್ನು ಮೊದಲೇ ನೀರಿಗೆ ಹಾಕದೆ ಹೊಲಿದದ್ದು ಕಾರಣ: ಬಟ್ಟೆ ಕುಗ್ಗಿತು, ದಾರ ಅಷ್ಟು ಕುಗ್ಗಲಿಲ್ಲ.

ಖಚಿತವಾಗಬೇಕಾದರೆ ಅಳತೆಪಟ್ಟಿ ತೆಗೆದುಕೊಳ್ಳಿ. ನಕ್ಷೆಯ ಕಾಗದದಲ್ಲಿ ಎಲೆಯ ಅಗಲ ಎಷ್ಟಿತ್ತು, ಈಗ ಬಟ್ಟೆಯಲ್ಲಿ ಎಷ್ಟಿದೆ? ಉದ್ದ ಎಷ್ಟಿತ್ತು, ಈಗ ಎಷ್ಟಿದೆ? ಅಗಲ ಕಡಿಮೆಯಾಗಿದ್ದರೆ ಓರೆ ದಾರ ಬಿಗಿ. ಉದ್ದ ಕಡಿಮೆಯಾಗಿದ್ದರೆ ಅಂಚಿನ ಹೊಲಿಗೆ ಬಿಗಿ.

ನನ್ನದೇ ಒಂದು ಕೆಲಸ ಹೇಳುತ್ತೇನೆ. ಬಿಳಿ ಹತ್ತಿ ಆರ್ಗಂಡಿಯ ಕಾಲರ್‌ನ ಮೇಲೆ ಒಂದು ಎಲೆ, 36 ಮಿ.ಮೀ. ಉದ್ದ, ಹೊಟ್ಟೆಯ ಬಳಿ 11 ಮಿ.ಮೀ. ಅಗಲ. ಹಸಿರು ದಾರ ಎರಡೆಳೆ, ಹೊಲಿಗೆ 3 ಮಿ.ಮೀ. ಮುಗಿಸಿ ತಿರುಗಿಸಿದಾಗ ಎಲೆಯ ಹೊಟ್ಟೆ ಉದ್ದಕ್ಕೂ ಉಬ್ಬಿತ್ತು, ನೆರಳಿನಲ್ಲಿ ಪಟ್ಟೆಗಳಿದ್ದವು. ರಾತ್ರಿ ಬಿಟ್ಟರೂ ಹೋಗಲಿಲ್ಲ. ಅಳೆದೆ: ಉದ್ದ 36 ಇದ್ದದ್ದು 36 ಆಗಿಯೇ ಇತ್ತು, ಅಗಲ 11 ಇದ್ದದ್ದು 10ಕ್ಕೆ ಇಳಿದಿತ್ತು. ಅಂದರೆ ಅಂಚಿನ ಹೊಲಿಗೆಯಲ್ಲಿ ತಪ್ಪಿಲ್ಲ, ಅಡ್ಡ ಹೋದ ದಾರವೇ ಎಳೆದಿದೆ. ತುದಿಗಳ ಹತ್ತಿರ, ಎಲೆ ಕಿರಿದಾಗಿರುವಲ್ಲಿ, ಸುಕ್ಕು ಇರಲಿಲ್ಲ ಎಂಬುದೂ ಅದನ್ನೇ ಹೇಳುತ್ತಿತ್ತು.

ಮೊದಲು ಬಿಚ್ಚದೆ ನೋಡಿದೆ. ಬಟ್ಟೆಯನ್ನು ತಣ್ಣೀರಲ್ಲಿ ನೆನೆಸಿ, ಟವೆಲ್ ಹಾಸಿದ ರಟ್ಟಿನ ಮೇಲೆ ಹಿಂಬದಿ ಮೇಲಾಗಿ ಇಟ್ಟು, ಹಾಸು ಹೊಕ್ಕು ನೇರವಾಗಿರುವಂತೆ ಸುತ್ತ ತುಕ್ಕು ಹಿಡಿಯದ ಗುಂಡುಪಿನ್ನು ಚುಚ್ಚಿ ಒಣಗಿಸಿದೆ. ಅರ್ಧ ಮಿ.ಮೀ. ವಾಪಸ್ ಬಂತು. ಸುಕ್ಕು ಇಷ್ಟೇ ಇದ್ದಿದ್ದರೆ ಅಲ್ಲಿಗೇ ನಿಲ್ಲಿಸುತ್ತಿದ್ದೆ. ಆದರೆ ಪಟ್ಟೆಗಳು ಹೋಗಲಿಲ್ಲ, ಉಬ್ಬು ಇನ್ನೂ ಬೆರಳಿಗೆ ತಾಗುತ್ತಿತ್ತು.

ಆಮೇಲೆ ಬಿಚ್ಚಿದೆ. ಸಡಿಲವಾಗಿ ಮತ್ತೆ ಹಾಕಿದರೆ ಆಯಿತಲ್ಲ ಎಂದು ನಿಮಗೆ ಅನಿಸಬಹುದು, ನನಗೂ ಅನಿಸಿತ್ತು. ಆದರೆ 11 ಮಿ.ಮೀ. ಅಡ್ಡ ಹಾಯುವ ದಾರವನ್ನು ಸಡಿಲ ಬಿಟ್ಟರೆ ಒಗೆಯುವಾಗ ಅದು ಜೋಲುಬಿದ್ದು ಉಗುರಿಗೆ, ಬಳೆಗೆ ಸಿಕ್ಕಿಕೊಳ್ಳುತ್ತದೆ. ಬಿಗಿ ಮಾಡಿದರೆ ಸುಕ್ಕು, ಸಡಿಲ ಮಾಡಿದರೆ ಜೋಲು. ತಪ್ಪು ಕೈಬಿಗಿಯಲ್ಲಿ ಇರಲಿಲ್ಲ, ಅಗಲದಲ್ಲಿ ಇತ್ತು. 6ರಿಂದ 8 ಮಿ.ಮೀ.ವರೆಗೆ ಈ ಹೊಲಿಗೆ ನೆಮ್ಮದಿಯಾಗಿ ಕೂರುತ್ತದೆ. 10 ದಾಟಿದರೆ ನಾನು ಆಕಾರವನ್ನೇ ಒಡೆಯುತ್ತೇನೆ.

ಹಾಗಾಗಿ ಎಲೆಯ ನಡುವೆ ನರದ ಗೆರೆ ಎಳೆದೆ. ಒಂದೊಂದು ಅರ್ಧಕ್ಕೂ ಸುಮಾರು 5.5 ಮಿ.ಮೀ. ಅಗಲ ಸಿಕ್ಕಿತು. ಒಂದೆಳೆ ದಾರ, 2 ಮಿ.ಮೀ. ಹೊಲಿಗೆ, ಹೊರ ಅಂಚಿನಲ್ಲಿ ಸುಮಾರು 19 ಹೊಲಿಗೆ ಬಂದವು. ನರದ ಗೆರೆ ಅದಕ್ಕಿಂತ ತುಸು ಗಿಡ್ಡವಾದ್ದರಿಂದ ಅಲ್ಲಿ ಹೊಲಿಗೆಯನ್ನು ಕೂದಲೆಳೆಯಷ್ಟು ಚಿಕ್ಕದು ಮಾಡಿ ಎಣಿಕೆ ಸಮಗೊಳಿಸಿದೆ. ಮೊದಲ ಅರ್ಧ ಮುಗಿದ ಮೇಲೆ ಎರಡನೆಯ ಅರ್ಧವನ್ನು ನರದ ಅದೇ ರಂಧ್ರಗಳಲ್ಲಿ ಇಳಿಸಿದೆ. ಮುಂಬದಿಯಲ್ಲಿ ನರದ ಮೇಲೆ ಎರಡು ಸಾಲು ದಾರ ಬಿದ್ದು ಅದು ಅಂಚಿಗಿಂತ ತುಸು ದಪ್ಪವಾಗಿ ಕಂಡಿತು. ಎಲೆಗೆ ಅದು ಒಪ್ಪುತ್ತದೆ. ಪಕಳೆಗೆ ಒಪ್ಪದು, ಅಲ್ಲಿ ಎರಡು ಅರ್ಧಗಳ ನಡುವೆ 1 ಮಿ.ಮೀ. ಖಾಲಿ ಬಿಡುತ್ತೇನೆ.

ಕೈಬಿಗಿಯನ್ನು ಅಳೆಯಲು ನನ್ನ ಲೆಕ್ಕ ಇಷ್ಟೇ: ಓರೆ ದಾರ ಬಟ್ಟೆಯ ಮೇಲೆ ಮಲಗಿರಬೇಕು, ಮೊಂಡು ಸೂಜಿಯನ್ನು ಅದರ ಕೆಳಗೆ ತೂರಿಸಿದಾಗ ಬಟ್ಟೆ ಜೊತೆಗೆ ಏಳಬಾರದು. ಎದ್ದರೆ ಬಿಗಿ. ಸೂಜಿಯ ಮೇಲೆ ದಾರ ಬಿಲ್ಲಿನಂತೆ ಬಾಗಿ ನಿಂತರೆ ಸಡಿಲ.

## ಲಕ್ಷಣ: ನೆರಳಿನಲ್ಲಿ ಕಪ್ಪು ಚುಕ್ಕೆ, ಅಲೆದಾಡುವ ಗೆರೆ

ಚುಕ್ಕೆ ಎಂದರೆ ಗಂಟು. ಗೆರೆ ಎಂದರೆ ಬಾಲ, ಇಲ್ಲವೇ ಒಂದು ಹೂವಿನಿಂದ ಇನ್ನೊಂದಕ್ಕೆ ದಾಟಿಸಿದ ದಾರ. ಪಾರದರ್ಶಕ ಬಟ್ಟೆಯಲ್ಲಿ ಇವೆಲ್ಲ ನೇರವಾಗಿ ಕಾಣುತ್ತವೆ, ಗಂಟು ಬಟ್ಟೆಯ ರಂಧ್ರದಿಂದ ಮುಂದಕ್ಕೂ ಜಾರಿ ಬರುತ್ತದೆ.

ದಾಟಿಸಿದ ದಾರವನ್ನು ನಡುವೆ ಕತ್ತರಿಸಿ, ಎರಡು ತುಂಡನ್ನೂ ಆಯಾ ಆಕಾರದೊಳಕ್ಕೆ ಎಳೆದುಕೊಳ್ಳಿ. ಬಾಲವನ್ನು ಅಂಚಿಗೆ ಒತ್ತಿಕೊಂಡೇ, ಓರೆ ದಾರಗಳು ಅಂಚಿಗೆ ತಾಗುವ ಜಾಗದ ಕೆಳಗೆ ಒಂದೂವರೆ ಸೆಂ.ಮೀ. ನುಸುಳಿಸಿ ಕತ್ತರಿಸಿ. ನಡುಭಾಗಕ್ಕೆ ತರಬೇಡಿ, ಅಲ್ಲಿ ಅದು ನೆರಳಿನ ಮೇಲೆ ಇನ್ನೊಂದು ನೆರಳು. ಕತ್ತರಿಸಿದ ತುಂಡು ಗಿಡ್ಡವಾಗಿ ಸೂಜಿಗೆ ಪೋಣಿಸಲಾಗದಿದ್ದರೆ, ಖಾಲಿ ಸೂಜಿಯನ್ನು ಮೊದಲು ನುಸುಳಿಸಿ, ಆಮೇಲೆ ಕಣ್ಣಿಗೆ ದಾರ ಹಾಕಿ ಎಳೆಯಿರಿ.

## ಲಕ್ಷಣ: ಒಗೆದ ಮೇಲೆ ಕೆಟ್ಟಿತು

ಎಲೆಯ ಸುತ್ತ ಬಣ್ಣದ ಮಬ್ಬು ಹರಡಿದ್ದರೆ ದಾರ ಬಣ್ಣ ಬಿಟ್ಟಿದೆ. ಒಣಗಲು ಬಿಡಬೇಡಿ, ಇಸ್ತ್ರಿಯನ್ನಂತೂ ಮುಟ್ಟಿಸಲೇಬೇಡಿ. ಒದ್ದೆ ಇರುವಾಗಲೇ ಧಾರಾಳ ತಣ್ಣೀರಲ್ಲಿ, ನೀರು ಬದಲಿಸುತ್ತಾ, ಬಣ್ಣ ಬರುವುದು ನಿಲ್ಲುವವರೆಗೆ ಜಾಲಾಡಿ. ಬಳಿಕ ಬಿಳಿ ಟವೆಲ್‌ಗಳ ನಡುವೆ ಚಪ್ಪಟೆಯಾಗಿ ಒತ್ತಿ. ಮಡಚಿಡಬೇಡಿ, ಬಣ್ಣ ಇನ್ನೊಂದು ಕಡೆಗೆ ಹತ್ತುತ್ತದೆ. ಕೆಂಪು, ಕಡುನೀಲಿಯಂಥ ದಾರಗಳನ್ನು ಹೊಲಿಯುವ ಮೊದಲೇ ಒದ್ದೆ ಬಿಳಿ ಹತ್ತಿಯಲ್ಲಿ ಉಜ್ಜಿ ಪರೀಕ್ಷಿಸಿ.

ಬ್ಲೀಚ್ ಹಾಕಿ ಮಬ್ಬು ತೆಗೆಯುವ ಯೋಚನೆ ಬೇಡ, ದಾರದ ಬಣ್ಣವೂ ಹೋಗುತ್ತದೆ. ಬ್ಲೀಚ್‌ಗೆ ವಿನೆಗರ್ ಆಗಲಿ, ಅಮೋನಿಯಾ ಇರುವ ಕಲೆನಾಶಕವಾಗಲಿ ಬೆರೆತರೆ ವಿಷಾನಿಲ ಏಳುತ್ತದೆ. ಎರಡು ಬಾಟಲಿ ಒಂದೇ ಬಕೆಟ್‌ಗೆ ಎಂದೂ ಬೇಡ.

ನಕ್ಷೆಯ ನೀಲಿ ಗೆರೆ ಕಂದಾಗಿ ಉಳಿದಿದ್ದರೆ, ನೀರಿಗೆ ಹೋಗುವ ಪೆನ್ನಿನ ಗುರುತಿನ ಮೇಲೆ ಜಾಲಾಡುವ ಮೊದಲೇ ಇಸ್ತ್ರಿ ಹಾಕಿದ್ದೀರಿ. ಅದು ಕೂತುಬಿಟ್ಟರೆ ತೆಗೆಯುವುದು ಕಷ್ಟ. ಬಿಸಿಗೆ ಮಾಯವಾಗುವ ಪೆನ್ನಿನದು ಬೇರೆ ಕಥೆ, ಚಳಿಗೆ ಅದು ಮತ್ತೆ ಕಾಣಿಸಿಕೊಳ್ಳಬಹುದು. ಹಾಗಾಗಿ ಹಿಂಬದಿಯಲ್ಲಿ ಗೆರೆ ಬರೆದರೂ ಮುಂದೆ ಕಾಣುವ ಈ ಕೆಲಸಕ್ಕೆ ನಾನು ಅದನ್ನು ಬಳಸುವುದಿಲ್ಲ.

ಇಸ್ತ್ರಿ ಮಾಡುವಾಗ ದಪ್ಪ ಟವೆಲ್‌ನ ಮೇಲೆ ಮುಂಬದಿ ಕೆಳಗಾಗಿ ಇಟ್ಟು, ಮೇಲೆ ತೆಳು ಬಟ್ಟೆ ಮುಚ್ಚಿ ಒತ್ತಿ. ಪಾಲಿಯೆಸ್ಟರ್ ಆರ್ಗಂಜಾ ಆದರೆ ಕಡಿಮೆ ಬಿಸಿ, ಮೊದಲು ಅಂಚಿನ ತುಂಡಿನಲ್ಲಿ ನೋಡಿ. ಅದು ಸುಕ್ಕುಗಟ್ಟುವುದಿಲ್ಲ, ಕರಗುತ್ತದೆ.

## ಬಿಚ್ಚಲೇಬೇಕಾದರೆ

ಮುಂಬದಿಯ ಚಿಕ್ಕ ಹೊಲಿಗೆಗೆ ಕತ್ತರಿ ಹಾಕಬೇಡಿ, ಅದು ಬಟ್ಟೆಗೆ ಅಂಟಿಕೊಂಡಿರುತ್ತದೆ. ಹಿಂಬದಿಯಲ್ಲಿ ಓರೆ ದಾರದ ಕೆಳಗೆ ಮೊಂಡು ಸೂಜಿ ತೂರಿಸಿ ಎತ್ತಿ, ಸೂಜಿಯ ಮೇಲೆಯೇ ಕತ್ತರಿಸಿ. ನಾಲ್ಕೈದು ದಾರ ಕತ್ತರಿಸಿದ ಮೇಲೆ ತುಂಡುಗಳನ್ನು ಚಿಮಟದಿಂದ ಒಂದೊಂದಾಗಿ ತೆಗೆಯಿರಿ. ಉದ್ದ ದಾರವನ್ನು ಒಂದೇ ಸಲ ಎಳೆದರೆ ಆರ್ಗಂಡಿಯ ನೂಲುಗಳು ಜರುಗಿ ದಾರಿ ಬಿದ್ದುಬಿಡುತ್ತದೆ. ಹೊಲಿಗೆ ಬಿಚ್ಚುವ ಕೊಕ್ಕೆಯನ್ನು ಈ ಬಟ್ಟೆಯ ಹತ್ತಿರ ತರಬೇಡಿ.

ಉಳಿದ ರಂಧ್ರಗಳನ್ನು ಹತ್ತಿಯಲ್ಲಾದರೆ ಒದ್ದೆ ಮಾಡಿ ಉಗುರಿನ ಬೆನ್ನಿಂದ ಎರಡೂ ದಿಕ್ಕಿಗೆ ಮೆಲ್ಲಗೆ ಸವರಿದರೆ ಬಹುಮಟ್ಟಿಗೆ ಮುಚ್ಚುತ್ತವೆ. ಪಾಲಿಯೆಸ್ಟರ್ ಆರ್ಗಂಜಾದಲ್ಲಿ ಮುಚ್ಚುವುದಿಲ್ಲ, ಅಲ್ಲಿ ಅದೇ ರಂಧ್ರಗಳಲ್ಲೇ ಮತ್ತೆ ಹೊಲಿಯುವುದು ಜಾಣತನ. ಹೊಸ ದಾರ 45 ಸೆಂ.ಮೀ.ಗಿಂತ ಉದ್ದ ಬೇಡ; ಉದ್ದ ದಾರ ಎಳೆದೆಳೆದು ಜುಂಗಾಗಿ ನೆರಳನ್ನೇ ಮಬ್ಬು ಮಾಡುತ್ತದೆ.

## ಎಲ್ಲಿ ನಿಲ್ಲಿಸಬೇಕು

ಒಂದೇ ಜಾಗವನ್ನು ಎರಡು ಸಲ ಬಿಚ್ಚಿದ್ದೀರಾದರೆ ಮೂರನೆಯ ಸಲ ಬೇಡ. ಬಟ್ಟೆಯ ನೂಲೇ ಕಡಿದು ಅಂಚುಗೆರೆಯಲ್ಲಿ ಸೀಳು ಕಂಡರೆ ಹೊಲಿಗೆಯಿಂದ ಅದನ್ನು ಮುಚ್ಚಲು ಹೋಗಬೇಡಿ, ಪ್ರತಿ ಹೊಲಿಗೆಗೂ ಸೀಳು ಬೆಳೆಯುತ್ತದೆ. ರಫೂ ಮಾಡುವವರಿಗೆ ತೋರಿಸಿ. ಹಳೆಯ ಕಾಲದ ರೇಷ್ಮೆಯ ಮೇಲಿನ ಕೆಲಸ ಬಣ್ಣ ಬಿಟ್ಟಿದ್ದರೆ ಮನೆಯಲ್ಲಿ ನೀರಿಗೆ ಹಾಕುವ ಮೊದಲು ಹಳೆಯ ಜವಳಿ ಸಂರಕ್ಷಿಸುವವರನ್ನು ಕೇಳಿ. ರೇಷ್ಮೆ ಎಷ್ಟು ಬಡವಾಗಿದೆ ಎಂದು ಒಣಗಿದಾಗ ಗೊತ್ತಾಗುವುದಿಲ್ಲ, ಒದ್ದೆಯಾದಾಗ ಹರಿದೇ ಗೊತ್ತಾಗುತ್ತದೆ.

ಕೂಸಿನ ಅಂಗಿಯಾದರೆ ಒಂದು ಎಚ್ಚರಿಕೆ. ಒಳಬದಿಯಲ್ಲಿ ಜೋಲುವ ದಾರ ಮಗುವಿನ ಬೆರಳಿಗೆ ಸುತ್ತಿಕೊಂಡು ರಕ್ತ ಓಡಾಡದಂತೆ ಬಿಗಿಯಬಹುದು. ಅಂಥ ಅಂಗಿಯಲ್ಲಿ ಆಕಾರ 6 ಮಿ.ಮೀ. ಮೀರದಿರಲಿ, ಇಲ್ಲವೇ ಹಿಂದೆ ಬಿಳಿ ಮಲ್ ಬಟ್ಟೆಯ ಒಳಪದರ ಕೊಟ್ಟುಬಿಡಿ. ಪ್ರತಿ ಸಲ ಒಗೆದ ಮೇಲೂ ಅಂಗಿಯನ್ನು ಒಳಮಗ್ಗುಲು ತಿರುಗಿಸಿ, ಬೆರಳಾಡಿಸಿ ನೋಡಿ. ಎಲ್ಲಾದರೂ ದಾರ ಬೆರಳಿಗೆ ಸಿಕ್ಕರೆ ಆ ಎಲೆಯನ್ನು ಬಿಚ್ಚಿ ಮತ್ತೆ ಹಾಕುವವರೆಗೆ ಅಂಗಿ ತೊಡಿಸಬೇಡಿ.